ಕನ್ನಡ ಸ್ವಯಂ ಕ್ಯಾಪ್ಷನ್ ತಪ್ಪಾದಾಗ: ಅಲ್ಲೇ ತಿದ್ದಬೇಕಾ, ಬೇರೆ ಫೈಲ್ ಹಾಕಬೇಕಾ?

ಕುಂಡದ ಗಿಡಗಳಿಗೆ ಬೇವಿನೆಣ್ಣೆ ಸಿಂಪಡಿಸುವುದು ಹೇಗೆ ಅಂತ ಒಂದು ವಿಡಿಯೋ ಮಾಡಿದ್ದೆ. ಉದ್ದ 11 ನಿಮಿಷ 40 ಸೆಕೆಂಡ್. ಎಲ್ಲರಿಗೂ ತೆರೆಯುವ ಮೊದಲು ಲಿಂಕನ್ನು ಅಕ್ಕನಿಗೆ ಕಳಿಸಿದೆ. ಅವಳಿಗೆ ಕಿವಿ ಸ್ವಲ್ಪ ಮಂದ, ಕ್ಯಾಪ್ಷನ್ ಓದಿಕೊಂಡೇ ವಿಡಿಯೋ ನೋಡುತ್ತಾಳೆ. ನೋಡಿದವಳು ತಕ್ಷಣ ಫೋನ್ ಮಾಡಿದಳು. "ಮಧ್ಯಾಹ್ನದ ಬಿಸಿಲಲ್ಲೇ ಹೊಡೀಬಹುದೇನೋ? ಎಲೆ ಸುಟ್ಟು ಹೋಗಲ್ವಾ?"

ನಾನು ವಿಡಿಯೋದಲ್ಲಿ ಹೇಳಿದ್ದು "ಸಿಂಪಡಿಸಬಾರ್ದು". ತಾನಾಗಿ ಬಂದ ಕ್ಯಾಪ್ಷನ್‌ನಲ್ಲಿ ಇದ್ದದ್ದು "ಸಿಂಪಡಿಸಬಹುದು".

ಅವಳು ಕೇಳಿದ್ದರಿಂದ ಗೊತ್ತಾಯಿತು. ಆ ಸಾಲನ್ನು ನಾನೂ ಓದಿದ್ದೆ, ಆದರೆ ನನಗೆ ತಪ್ಪು ಕಂಡಿರಲಿಲ್ಲ. ವಾಕ್ಯ ಸರಿಯಾಗೇ ಇತ್ತಲ್ಲ! ಕನ್ನಡದ ಸ್ವಯಂ ಕ್ಯಾಪ್ಷನ್ ತಿದ್ದುವಾಗ ಕಷ್ಟ ಇರುವುದು ಇಲ್ಲೇ. ಅರ್ಥವಿಲ್ಲದ ಪದ ಬಂದರೆ ಕಣ್ಣಿಗೆ ಕುಕ್ಕುತ್ತದೆ. ಅರ್ಥವಿರುವ ತಪ್ಪು ಪದ ಸುಮ್ನೆ ದಾಟಿ ಹೋಗುತ್ತದೆ. ಆ ವಿಡಿಯೋವನ್ನು ನಾನು ಹೇಗೆ ತಿದ್ದಿದೆ, ಕೊನೆಗೆ ಯಾಕೆ ಬೇರೆ ಫೈಲ್ ಹಾಕಬೇಕಾಯಿತು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ದೋಷ ಯಾವ ಬಗೆಯದು ನೋಡಿ

ಕ್ಯಾಪ್ಷನ್ ಸರಿಯಿಲ್ಲ ಅನ್ನಿಸಿದ ಕೂಡಲೇ ಪದ ತಿದ್ದಲು ಕೂರಬೇಡಿ. ಅದು ಮೂರು ಬಗೆಯಲ್ಲಿ ಕೆಡುತ್ತದೆ. ಪದ ತಪ್ಪಿರಬಹುದು, ಸಮಯ ತಪ್ಪಿರಬಹುದು, ಅಥವಾ ಅಕ್ಷರವೇ ಕೆಟ್ಟಿರಬಹುದು. ಒಂದೊಂದಕ್ಕೂ ಮದ್ದು ಬೇರೆ.

ಇದಕ್ಕೂ ಮೊದಲು ಒಂದು ಸಣ್ಣ ಪರೀಕ್ಷೆ ಇದೆ. ಇಡೀ ಕ್ಯಾಪ್ಷನ್ ಬೇರೆ ಭಾಷೆಯ ಲಿಪಿಯಲ್ಲಿ ಬಂದಿದ್ದರೆ, ಇಲ್ಲವೇ ಸಾಲು ಸಾಲಾಗಿ ತಲೆಬುಡವಿಲ್ಲದ ಇಂಗ್ಲಿಷ್ ಇದ್ದರೆ, ವಿಡಿಯೋದ ಭಾಷೆಯನ್ನು ಕನ್ನಡ ಅಂತ ಗುರುತು ಮಾಡಿಲ್ಲ ಅಂತಲೇ ಅರ್ಥ. ಅದನ್ನು ತಿದ್ದಲು ಹೋಗುವುದು ವ್ಯರ್ಥ. ಭಾಷೆ ಸರಿಮಾಡಿ, ಕ್ಯಾಪ್ಷನ್ ಮತ್ತೆ ತೆಗೆಸಿ, ಆಮೇಲೆ ಮುಂದಿನದು.

ನನ್ನ ವಿಡಿಯೋದಲ್ಲಿ ಭಾಷೆ ಸರಿಯಿತ್ತು. ಪದ ಮತ್ತು ಸಮಯ ಎರಡೂ ಕೆಟ್ಟಿದ್ದವು.

ಎರಡು ನಿಮಿಷದ ಲೆಕ್ಕ

ಎಷ್ಟು ಕೆಟ್ಟಿದೆ ಅಂತ ತಿಳಿಯಲು ಪೂರ್ತಿ ವಿಡಿಯೋ ನೋಡಬೇಕಿಲ್ಲ. ಎರಡು ನಿಮಿಷದ ತುಂಡು ಸಾಕು. ಆದರೆ ಶುರುವಿನ ಎರಡು ನಿಮಿಷ ತೆಗೆದುಕೊಳ್ಳಬೇಡಿ. "ಎಲ್ಲರಿಗೂ ನಮಸ್ಕಾರ, ಇವತ್ತು ನಾವು..." ಅನ್ನುವ ಭಾಗವನ್ನು ನಾವು ನಿಧಾನವಾಗಿ, ಸ್ಪಷ್ಟವಾಗಿ ಹೇಳಿರುತ್ತೇವೆ. ಅಲ್ಲಿ ತಪ್ಪು ಕಡಿಮೆ. ನಡುವೆ ಎಲ್ಲಿ ಅಳತೆ, ಇಂಗ್ಲಿಷ್ ಪದ, ವೇಗದ ಮಾತು ಜಾಸ್ತಿ ಇದೆಯೋ ಅಲ್ಲಿಂದ ತೆಗೆದುಕೊಳ್ಳಿ.

ನಾನು ಆರನೇ ನಿಮಿಷದಿಂದ ಎಂಟನೇ ನಿಮಿಷದವರೆಗೆ ತೆಗೆದುಕೊಂಡೆ. ಒಟ್ಟು 214 ಪದ. ತಪ್ಪಿದ್ದವು 31, ಅಂದರೆ ಸುಮಾರು ಏಳು ಪದಕ್ಕೆ ಒಂದು. ಆ 31ರಲ್ಲಿ 9 ತಪ್ಪುಗಳು ಅರ್ಥವನ್ನೇ ಬದಲಿಸಿದ್ದವು. ಉಳಿದವು ಪದ ಒಡೆದದ್ದು, ಕಾಗುಣಿತ ತಪ್ಪಿದ್ದು, ಹೀಗೆ.

ನಾನು ಇಟ್ಟುಕೊಂಡಿರುವ ಅಂದಾಜು ಹೀಗಿದೆ. ಹತ್ತು ಪದಕ್ಕೆ ಒಂದಕ್ಕಿಂತ ಕಡಿಮೆ ತಪ್ಪಿದ್ದು, ಸಮಯ ಸರಿಯಿದ್ದರೆ ತಾಣದ ಎಡಿಟರ್‌ನಲ್ಲೇ ತಿದ್ದುತ್ತೇನೆ. ಐದು ಪದಕ್ಕೆ ಒಂದಕ್ಕಿಂತ ಜಾಸ್ತಿ ತಪ್ಪಿದ್ದರೆ ಸ್ವಯಂ ಕ್ಯಾಪ್ಷನ್ ಬಿಟ್ಟು ಹೊಸದಾಗಿ ಟೈಪ್ ಮಾಡುತ್ತೇನೆ. ತಪ್ಪು ಹುಡುಕಿ ಅಳಿಸಿ ಬರೆಯುವುದಕ್ಕಿಂತ ಕೇಳಿಕೊಂಡು ಬರೆಯುವುದೇ ಆಗ ಬೇಗ ಆಗುತ್ತದೆ. ಈ ಎರಡರ ನಡುವೆ ಇದ್ದರೆ ಕ್ಯಾಪ್ಷನ್ ಅನ್ನು ಫೈಲ್ ಆಗಿ ಇಳಿಸಿಕೊಂಡು, ಕಂಪ್ಯೂಟರ್‌ನಲ್ಲಿ ತಿದ್ದಿ, ಮತ್ತೆ ಏರಿಸುತ್ತೇನೆ. ಏಳಕ್ಕೆ ಒಂದು ಅಂದರೆ ನಡುವಿನದು. ಹಾಗಾಗಿ ಫೈಲ್ ಇಳಿಸಿಕೊಂಡೆ.

ಪದದ ತಪ್ಪು: ಎಲ್ಲಿ ಅಡಗಿರುತ್ತದೆ

ಮೊದಲ ಸಲ ಶಬ್ದ ಪೂರ್ತಿ ನಿಲ್ಲಿಸಿ ಬರೀ ಓದಿ. ಕೇಳಿಸುತ್ತಿದ್ದರೆ ಕಣ್ಣು ಮೋಸ ಹೋಗುತ್ತದೆ. ಕಿವಿಗೆ ಬಿದ್ದ ಪದವನ್ನೇ ತೆರೆಯ ಮೇಲೂ ಓದಿದಂತೆ ಅನ್ನಿಸುತ್ತದೆ. ಸದ್ದಿಲ್ಲದೆ ಓದಿದಾಗ "ಫೈಲ್ ಸೇವೆ ಮಾಡಿ", "ಎರಡು ವರೆ ಚಮಚ" ಇಂಥವು ತಾವಾಗಿ ಸಿಕ್ಕುತ್ತವೆ.

ಎರಡನೇ ಸಲ ವೇಗವನ್ನು 0.75ಕ್ಕೆ ಇಳಿಸಿ ಕೇಳಿ. ಒಂದು ವಾಕ್ಯ ಕೇಳಿ, ನಿಲ್ಲಿಸಿ, ಆಮೇಲೆ ಆ ವಾಕ್ಯವನ್ನು ಓದಿ. ಓದುತ್ತಾ ಕೇಳಬೇಡಿ. ಮೊದಲು ಕೇಳಿ, ನಂತರ ಓದಿ. ಅರ್ಥವಿರುವ ತಪ್ಪುಗಳು ಸಿಗುವುದು ಹೀಗೆ ಕೇಳಿದಾಗ ಮಾತ್ರ.

ಕನ್ನಡದಲ್ಲಿ ಇಂಥ ತಪ್ಪುಗಳು ಕೆಲವು ಜಾಗಗಳಲ್ಲೇ ಮತ್ತೆ ಮತ್ತೆ ಬರುತ್ತವೆ. ಲ ಮತ್ತು ಳ ಬದಲಾಗುವುದು ಒಂದು. ಬೆಲೆ ಮತ್ತು ಬೆಳೆ, ಕಲೆ ಮತ್ತು ಕಳೆ, ಕೊಲೆ ಮತ್ತು ಕೊಳೆ, ಎರಡೂ ಸರಿಯಾದ ಪದಗಳೇ. ನಾನು "ಕುಂಡದಲ್ಲಿರೋ ಕಳೆ ತೆಗೀಬೇಕು" ಅಂದಿದ್ದೆ, "ಕಲೆ ತೆಗೀಬೇಕು" ಅಂತ ಬಂದಿತ್ತು. ಎಲೆಯ ಮೇಲಿನ ಕಲೆಯ ಬಗ್ಗೆಯೂ ಅದೇ ವಿಡಿಯೋದಲ್ಲಿ ಮಾತಾಡಿದ್ದರಿಂದ ಓದಿದವರಿಗೆ ಅನುಮಾನವೇ ಬರುವಂತಿರಲಿಲ್ಲ. ಹ ಮತ್ತು ಅ ಇನ್ನೊಂದು ಜೋಡಿ. ಮಾತಿನಲ್ಲಿ ಹ ಸ್ವಲ್ಪ ಹಗುರಾದರೆ ಹಕ್ಕಿ ಅಕ್ಕಿಯಾಗುತ್ತದೆ, ಹತ್ತು ಅತ್ತು ಆಗುತ್ತದೆ. ದೀರ್ಘ ಕಳೆದು ಹೋಗುವುದು ಮತ್ತೊಂದು. "ಬೇರೆ ಪಾತ್ರೆಗೆ ಹಾಕಿ" ಅಂದದ್ದು "ಬೆರೆ ಪಾತ್ರೆಗೆ" ಆಗಿರುತ್ತದೆ.

ಸಂಖ್ಯೆಗಳನ್ನು ತುಂಬಾ ಜಾಗ್ರತೆಯಿಂದ ನೋಡಬೇಕು. ನಾವು "ಐದಾರು ಎಂಎಲ್" ಅನ್ನುತ್ತೇವೆ. ಅರ್ಥ ಐದು ಅಥವಾ ಆರು. ಕ್ಯಾಪ್ಷನ್‌ನಲ್ಲಿ ಅದು "56 ಎಂಎಲ್" ಅಂತ ಕೂತಿತ್ತು. ಒಂದು ಲೀಟರ್ ನೀರಿಗೆ 56 ಎಂಎಲ್ ಎಣ್ಣೆ ಹಾಕಿದರೆ ಗಿಡದ ಗತಿಯೇನು? "ಏಳೆಂಟು", "ಹತ್ತಿಪ್ಪತ್ತು", "ಒಂದೂವರೆ", "ಮುಕ್ಕಾಲು" ಇಂಥ ಮಾತು ಎಲ್ಲೆಲ್ಲಿ ಆಡಿದ್ದೀರೋ ಅಲ್ಲೆಲ್ಲಾ ನಿಂತು ಕೇಳಿ. ನಾನು ತಿದ್ದುವಾಗ "5-6 ಎಂಎಲ್" ಅಂತಲೇ ಬರೆದೆ. ಓದುವವರಿಗೆ ಅದು ಸುಲಭ.

ಮೂರನೇ ಸುತ್ತು ಬೇಡ ಮತ್ತು ಬೇಕುಗಳಿಗಾಗಿಯೇ. ಕನ್ನಡದಲ್ಲಿ ವಾಕ್ಯದ ಹೌದು ಅಲ್ಲ ನಿಂತಿರುವುದು ಕೊನೆಯ ಎರಡು ಅಕ್ಷರದ ಮೇಲೆ. ಅದನ್ನೇ ನಾವು ನುಂಗಿ ಮಾತಾಡುತ್ತೇವೆ. "ಹುಳ ಹೋಗುತ್ತಲ್ಲ" ಮತ್ತು "ಹುಳ ಹೋಗಲ್ಲ" ಒಂದಕ್ಕೊಂದು ಪೂರ್ತಿ ವಿರುದ್ಧ, ಆದರೆ ಬೇಗ ಹೇಳಿದರೆ ಎರಡೂ ಒಂದೇ ಥರ ಕೇಳಿಸುತ್ತವೆ. ಅದಕ್ಕೇ ಫೈಲಿನಲ್ಲಿ ಬಹುದು, ಬೋದು, ಬಾರದು, ಬಾರ್ದು, ಬೇಕು, ಬೇಡ, ಇಲ್ಲ, ಅಲ್ಲ, ಲ್ಲ ಅಂತ ಒಂದೊಂದಾಗಿ ಹುಡುಕುತ್ತೇನೆ. ಸಿಕ್ಕ ಪ್ರತಿ ಜಾಗದಲ್ಲೂ ಆಡಿಯೋ ಹಾಕಿ ಕೇಳುತ್ತೇನೆ. ಈ ವಿಡಿಯೋಗೆ ಅದಕ್ಕೆ ಇಪ್ಪತ್ತು ನಿಮಿಷ ಹಿಡಿಯಿತು. ಅಕ್ಕ ಹಿಡಿದ ತಪ್ಪಿನ ಜೊತೆಗೆ ಅಂಥವೇ ಇನ್ನೂ ಎರಡು ಸಿಕ್ಕವು.

ಒಂದು ಎಚ್ಚರಿಕೆ. ಹುಡುಕಿ ಒಮ್ಮೆಗೇ ಎಲ್ಲವನ್ನೂ ಬದಲಿಸುವ ಸೌಲಭ್ಯವನ್ನು ಇಲ್ಲಿ ಬಳಸಬೇಡಿ. ಕಲೆ ಇದ್ದಲ್ಲೆಲ್ಲಾ ಕಳೆ ಮಾಡಿದರೆ ಎಲೆಯ ಮೇಲಿನ ನಿಜವಾದ ಕಲೆಯೂ ಕಳೆಯಾಗುತ್ತದೆ. "ಚೆನ್ನಾಗಿ ಕಲೆಸಿ" ಅನ್ನುವುದು "ಚೆನ್ನಾಗಿ ಕಳೆಸಿ" ಆಗಿಬಿಡುತ್ತದೆ. ಒಂದೊಂದೇ ನೋಡಿ ಬದಲಿಸುವುದು ನಿಧಾನ, ಆದರೆ ಅದೇ ದಾರಿ.

ಆಡುಮಾತನ್ನು ಗ್ರಂಥದ ಮಾತಾಗಿ ಬದಲಿಸಬೇಕಾ ಅನ್ನುವ ಪ್ರಶ್ನೆಯೂ ಬರುತ್ತದೆ. ನಾನು ಬದಲಿಸುವುದಿಲ್ಲ. "ಹಾಕ್ತೀನಿ" ಅಂದದ್ದನ್ನು "ಹಾಕುತ್ತೇನೆ" ಮಾಡಿದರೆ ತುಟಿ ನೋಡಿ ಓದುವವರಿಗೆ ತಾಳೆಯಾಗುವುದಿಲ್ಲ. ಆದರೆ "ಬಾರ್ದು" ಅನ್ನುವ ಒಂದನ್ನು ಮಾತ್ರ "ಬಾರದು" ಅಂತ ಪೂರ್ತಿ ಬರೆಯುತ್ತೇನೆ. ಅಲ್ಲಿ ಯಾರೂ ಎಡವುವುದು ನನಗೆ ಬೇಡ.

ಸಾಲು ಎಲ್ಲಿ ಮುರಿಯುತ್ತದೆ

ಪದ ಎಲ್ಲಾ ಸರಿಯಿದ್ದೂ ಅರ್ಥ ಕೆಡುವ ಒಂದು ಜಾಗವಿದೆ. ಸ್ವಯಂ ಕ್ಯಾಪ್ಷನ್ ಎಲ್ಲಿ ಬೇಕಾದರೂ ಸಾಲು ಮುರಿಯುತ್ತದೆ. ಉದಾಹರಣೆಗೆ, "ಮಧ್ಯಾಹ್ನದ ಬಿಸಿಲಲ್ಲಿ ಸಿಂಪಡಿಸೋದು" ಅಂತ ಒಂದು ತುಂಡು, "ಒಳ್ಳೇದಲ್ಲ ಸಂಜೆ ಹೊತ್ತು" ಅಂತ ಮುಂದಿನ ತುಂಡು. ಮೊದಲ ತುಂಡು ತೆರೆಯ ಮೇಲೆ ಇರುವ ಮೂರು ಸೆಕೆಂಡ್ ಓದುವವರು ಅದನ್ನು ಸಲಹೆ ಅಂತಲೇ ತಿಳಿಯುತ್ತಾರೆ. ಎರಡನೆಯದರಲ್ಲಿ "ಒಳ್ಳೇದಲ್ಲ" ಯಾವುದಕ್ಕೆ ಸೇರಿದ್ದು ಅನ್ನುವುದೇ ತಿಳಿಯುವುದಿಲ್ಲ. ಕ್ರಿಯಾಪದವನ್ನು ಅದರ ಮುಂದಿನ ಅಲ್ಲ, ಇಲ್ಲ, ಬೇಡಗಳಿಂದ ಎಂದೂ ಬೇರೆ ಮಾಡಬೇಡಿ. ಅಕ್ಕ ಹಿಡಿದ ಸಾಲು ತಿದ್ದಿದ ಮೇಲೆ ಹೀಗಿತ್ತು:

```
87
00:06:12,300 --> 00:06:16,100
ಮಧ್ಯಾಹ್ನದ ಬಿಸಿಲಲ್ಲಿ ಸಿಂಪಡಿಸಬಾರದು.
ಸಂಜೆ ಹೊತ್ತು ಸಿಂಪಡಿಸಿ.
```

ಒಂದು ತುಂಡಿನಲ್ಲಿ ಎರಡು ಸಾಲು ಸಾಕು. ಸಾಲಿನ ಉದ್ದವನ್ನು ಕಣ್ಣಲ್ಲೇ ನೋಡಿ ತೀರ್ಮಾನಿಸಿ. ಸಾಫ್ಟ್‌ವೇರ್ ತೋರಿಸುವ ಅಕ್ಷರದ ಲೆಕ್ಕ ಕನ್ನಡಕ್ಕೆ ಹೊಂದುವುದಿಲ್ಲ. "ಸ್ತ್ರೀ" ನಮಗೆ ಒಂದೇ ಅಕ್ಷರ, ಅದು ಮಾತ್ರ ಆರು ಅಂತ ಎಣಿಸಬಹುದು. ಒಳಗೆ ಯೂನಿಕೋಡ್‌ನಲ್ಲಿ ಸ, ಹಲಂತ, ತ, ಹಲಂತ, ರ, ದೀರ್ಘದ ಗುರುತು ಅಂತ ಆರು ಚಿಹ್ನೆಗಳಿವೆ.

ಸಮಯದ ತಪ್ಪು: ಮೂರು ಜಾಗದಲ್ಲಿ ನೋಡಿ

ಮಾತು ಮತ್ತು ಕ್ಯಾಪ್ಷನ್ ಹೊಂದುತ್ತಿಲ್ಲ ಅಂದರೆ ಶುರುವಿನಲ್ಲಿ, ನಡುವೆ, ಕೊನೆಯಲ್ಲಿ ಎಷ್ಟು ಸೆಕೆಂಡ್ ವ್ಯತ್ಯಾಸ ಇದೆ ಅಂತ ಬರೆದಿಟ್ಟುಕೊಳ್ಳಿ. ಮೂರೂ ಕಡೆ ಒಂದೇ ವ್ಯತ್ಯಾಸ ಇದ್ದರೆ ಕ್ಯಾಪ್ಷನ್ ತೆಗೆಸಿದ ಮೇಲೆ ವಿಡಿಯೋದ ಮುಂದೆ ಏನೋ ಸೇರಿದೆ ಅಥವಾ ತೆಗೆದಿದೆ. ವ್ಯತ್ಯಾಸ ಮೊದಲು ಇಲ್ಲದಂತಿದ್ದು ಹೋಗ್ತಾ ಹೋಗ್ತಾ ಒಂದೇ ಹದದಲ್ಲಿ ಬೆಳೆಯುತ್ತಿದ್ದರೆ ಅದು ಫ್ರೇಮ್ ವೇಗದ ಗೊಂದಲ. ಸೆಕೆಂಡಿಗೆ 25 ಫ್ರೇಮ್ ಇರುವುದನ್ನು 24 ಅಂತ ಲೆಕ್ಕ ಹಿಡಿದರೆ ಒಂದು ನಿಮಿಷಕ್ಕೆ ಎರಡೂವರೆ ಸೆಕೆಂಡ್ ಜಾರುತ್ತದೆ, ಹತ್ತು ನಿಮಿಷಕ್ಕೆ 25 ಸೆಕೆಂಡ್. ಒಂದು ಜಾಗದವರೆಗೆ ಒಂದು ವ್ಯತ್ಯಾಸ, ಅಲ್ಲಿಂದ ಮುಂದೆ ಥಟ್ಟನೆ ಬೇರೆ ವ್ಯತ್ಯಾಸ ಅಂದರೆ ನಡುವೆ ಕತ್ತರಿ ಬಿದ್ದಿದೆ.

ನನ್ನದರಲ್ಲಿ ಶುರುವಿನಲ್ಲಿ ಕ್ಯಾಪ್ಷನ್ ಮಾತಿಗಿಂತ 8 ಸೆಕೆಂಡ್ ಮೊದಲೇ ಬರುತ್ತಿತ್ತು. ಕೊನೆಯಲ್ಲಿ 6 ಸೆಕೆಂಡ್ ತಡ. ಇಷ್ಟೇ ನೋಡಿದ್ದರೆ ನಿಧಾನವಾಗಿ ಜಾರುತ್ತಿದೆ ಅಂದುಕೊಂಡು ಇಡೀ ಫೈಲನ್ನು ಹಿಗ್ಗಿಸಲು ಹೋಗುತ್ತಿದ್ದೆ. ನಡುವೆ ನೋಡಿದ್ದರಿಂದ ಬಚಾವಾದೆ. ಮೂರನೇ ನಿಮಿಷದಲ್ಲೂ 8 ಸೆಕೆಂಡ್ ಮೊದಲೇ ಇತ್ತು. ಆರನೇ ನಿಮಿಷದಲ್ಲಿ ಆಗಲೇ 6 ಸೆಕೆಂಡ್ ತಡ. ಅಂದರೆ ಜಾರಿಲ್ಲ, ಹಾರಿದೆ.

ಕಾರಣ ಆಗ ನೆನಪಾಯಿತು. ಮೊದಲ ಕರಡಿಗೆ ಕ್ಯಾಪ್ಷನ್ ತೆಗೆಸಿದ್ದೆ. ಆಮೇಲೆ ಮುಂದೆ 8 ಸೆಕೆಂಡಿನ ಶೀರ್ಷಿಕೆ ಸೇರಿಸಿ, ಹಳೆಯ ಲೆಕ್ಕದ 4:00ರಿಂದ 4:14ರವರೆಗಿನ ಭಾಗ ಕತ್ತರಿಸಿದ್ದೆ. ಎಂಟು ಮುಂದಕ್ಕೆ, ಹದಿನಾಲ್ಕು ಹಿಂದಕ್ಕೆ. ಉಳಿದದ್ದು ಆರು.

ಸರಿಮಾಡಿದ್ದು ಸಬ್‌ಟೈಟಲ್ ಎಡಿಟ್ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ. ಮೊದಲು 4:00ರಿಂದ 4:14ರ ನಡುವಿನ ತುಂಡುಗಳನ್ನು ಅಳಿಸಿದೆ. ಆಮೇಲೆ ಅದರ ಮುಂದಿನ ಎಲ್ಲ ತುಂಡುಗಳನ್ನು ಆರಿಸಿಕೊಂಡು 14 ಸೆಕೆಂಡ್ ಹಿಂದಕ್ಕೆ ತಂದೆ. ಕೊನೆಗೆ ಮೊದಲಿನಿಂದ ಎಲ್ಲವನ್ನೂ 8 ಸೆಕೆಂಡ್ ಮುಂದಕ್ಕೆ ತಳ್ಳಿದೆ. ಇದೇ ಅನುಕ್ರಮ ಇಟ್ಟುಕೊಳ್ಳಿ. 8 ಸೆಕೆಂಡ್ ಮೊದಲೇ ತಳ್ಳಿದರೆ ಕತ್ತರಿಸಿದ ಜಾಗದ ಲೆಕ್ಕ 4:08 ಆಗಿ, ಎಲ್ಲಿ ಅಳಿಸಬೇಕು ಅನ್ನುವುದೇ ಗೊಂದಲವಾಗುತ್ತದೆ. ಅದಕ್ಕಿಂತ ಒಳ್ಳೆಯದು ವಿಡಿಯೋದ ಕತ್ತರಿ ಕೆಲಸ ಪೂರ್ತಿ ಮುಗಿಯುವವರೆಗೆ ಕ್ಯಾಪ್ಷನ್ ತೆಗೆಸದೇ ಇರುವುದು.

ಅಕ್ಷರ ಕೆಟ್ಟಾಗ

ಫೈಲ್ ಏರಿಸಿದ ಮೇಲೆ ಕನ್ನಡದ ಬದಲು ಬೇರೇನೋ ಕಂಡರೆ, ಏನು ಕಂಡಿದೆ ಅನ್ನುವುದರಿಂದಲೇ ಕಾರಣ ಹೇಳಬಹುದು.

ಬರೀ `????` ಕಂಡರೆ ಫೈಲನ್ನು ಕನ್ನಡ ಹಿಡಿಯದ `ANSI` ರೂಪದಲ್ಲಿ ಉಳಿಸಿದ್ದೀರಿ. ಆ ಫೈಲಿನಲ್ಲಿ ಅಕ್ಷರಗಳು ಹೋಗಿಬಿಟ್ಟಿವೆ, ಮತ್ತೆ ಬರುವುದಿಲ್ಲ. ಹಿಂದಿನ ಪ್ರತಿಗೆ ಹೋಗಿ ಈ ಸಲ `UTF-8` ಆರಿಸಿ ಉಳಿಸಿ. `à²•à²¨` ಅನ್ನುವಂತೆ `à²` ಮತ್ತೆ ಮತ್ತೆ ಕಂಡರೆ ಗಾಬರಿ ಬೇಡ, ಫೈಲ್ ಬಹುಪಾಲು ಚೆನ್ನಾಗೇ ಇದೆ. ಓದುವ ಕಡೆ ಅದನ್ನು `UTF-8` ಅಂತ ಗುರುತಿಸಿಲ್ಲ ಅಷ್ಟೇ. ಆದರೆ ಹಾಗೆ ಕಂಡದ್ದನ್ನೇ ಉಳಿಸಿಬಿಡಬೇಡಿ. `PÀ£ÀßqÀ` ಥರ ಕಂಡರೆ ನುಡಿ ತಂತ್ರಾಂಶದ ಹಳೆಯ ಫಾಂಟ್ ಪದ್ಧತಿಯಲ್ಲಿ ಟೈಪ್ ಆಗಿದೆ. ಆ ಏಳು ಚಿಹ್ನೆಗಳು "ಕನ್ನಡ" ಅನ್ನುವ ಪದವೇ. ಅದನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಪರಿವರ್ತಿಸಿದ ಮೇಲೆ ಅರ್ಕಾವೊತ್ತು ಇರುವ ಪದಗಳನ್ನು ಒಮ್ಮೆ ಓದಿ ನೋಡಿ.

ಅಕ್ಷರ ಸರಿಯಿದ್ದೂ "ಸಾಫ್ಟ್‌ವೇರ್" ಅನ್ನುವುದು "ಸಾಫ್ಟ್ವೇರ್" ಅಂತ ಒತ್ತಾಗಿ ಕಂಡರೆ, ನಡುವೆ ಇರಬೇಕಾದ ಕಣ್ಣಿಗೆ ಕಾಣದ `U+200C` ಚಿಹ್ನೆ ಬಿಟ್ಟುಹೋಗಿದೆ. ಇದು ಓದಲು ತೊಡಕು ಮಾತ್ರವಲ್ಲ, ಹುಡುಕುವಾಗಲೂ ಒಂದು ರೂಪ ಕೊಟ್ಟರೆ ಇನ್ನೊಂದು ಸಿಗದೇ ಹೋಗಬಹುದು.

ಫೈಲನ್ನು ತಾಣ ತೆಗೆದುಕೊಳ್ಳುವುದೇ ಇಲ್ಲ ಅಂದರೆ ಸಮಯದ ಸಾಲು ನೋಡಿ. `.srt` ಫೈಲಿನಲ್ಲಿ ಸೆಕೆಂಡ್ ಆದ ಮೇಲೆ ಅಲ್ಪವಿರಾಮ, `.vtt` ಫೈಲಿನಲ್ಲಿ ಚುಕ್ಕಿ, ಜೊತೆಗೆ ಮೊದಲ ಸಾಲಿನಲ್ಲಿ `WEBVTT` ಇರಬೇಕು. ತುಂಡುಗಳ ನಡುವೆ ಒಂದು ಖಾಲಿ ಸಾಲು ಬೇಕು. ಕನ್ನಡ ಕೀಲಿಮಣೆಯಲ್ಲೇ ಸಮಯ ತಿದ್ದಿದವರಿಗೆ ಇನ್ನೊಂದು ಬಲೆ ಇದೆ:

```
೦೦:೦೬:೧೨,೩೦೦ --> 00:06:16,100
```

ಸಮಯದ ಸಾಲಿನಲ್ಲಿ ಕನ್ನಡ ಅಂಕಿ ಇರಬಾರದು. ನಮ್ಮ ಕಣ್ಣಿಗೆ ಎರಡೂ ಅಂಕಿಯೇ, ಫೈಲ್ ಓದುವ ಪ್ರೋಗ್ರಾಂಗೆ ಹಾಗಲ್ಲ. ಹಾಗೆಯೇ ಹೆಸರು `video.srt.txt` ಆಗಿಲ್ಲ ತಾನೇ ಅಂತಲೂ ನೋಡಿ. ಕಂಪ್ಯೂಟರ್ ಕೊನೆಯ `.txt` ಅನ್ನು ಬಚ್ಚಿಟ್ಟಿರಬಹುದು.

ಹಾಗಾದರೆ ಬೇರೆ ಫೈಲ್ ಯಾವಾಗ?

ತಪ್ಪಿನ ಲೆಕ್ಕ ಒಂದು ಕಾರಣ. ಇನ್ನೂ ಕೆಲವು ಸಂದರ್ಭದಲ್ಲಿ ತಪ್ಪು ಎಷ್ಟೇ ಕಡಿಮೆ ಇರಲಿ, ನಾನು ಫೈಲ್ ಮಾಡುತ್ತೇನೆ. ಅದೇ ವಿಡಿಯೋ ಎರಡು ಮೂರು ತಾಣಕ್ಕೆ ಹೋಗುವುದಿದ್ದರೆ ಫೈಲೇ ಸರಿ. ಒಂದು ತಾಣದ ಎಡಿಟರ್‌ನಲ್ಲಿ ತಿದ್ದಿದ್ದು ಇನ್ನೊಂದಕ್ಕೆ ತಾನಾಗಿ ಹೋಗುವುದಿಲ್ಲ. ಇಬ್ಬರು ಒಬ್ಬರ ಮೇಲೊಬ್ಬರು ಮಾತಾಡಿದ್ದರೆ, ಹಿಂದೆ ಸಂಗೀತ ಜೋರಾಗಿದ್ದರೆ, ಮಾತು ಒಂದು ಊರ ಕಡೆಯ ಸೊಗಡಿನದಾಗಿದ್ದರೆ ಸ್ವಯಂ ಕ್ಯಾಪ್ಷನ್ ತಿದ್ದಿ ತೀರುವುದಿಲ್ಲ. ಯಾರು ಮಾತಾಡಿದರು, ಬಾಗಿಲು ಬಡಿದ ಸದ್ದು ಬಂತು ಅಂತೆಲ್ಲಾ ಕಿವಿ ಕೇಳದವರಿಗೆ ತಿಳಿಸಬೇಕಿದ್ದರೂ ನಾವೇ ಬರೆಯಬೇಕು. ಮುಂದೆ ಬೇರೆ ಭಾಷೆಗೆ ಅನುವಾದ ಮಾಡಿಸುವ ಯೋಚನೆ ಇದ್ದರೆ ತಿದ್ದಿದ ಕನ್ನಡ ಫೈಲೇ ಅದಕ್ಕೆ ತಳಹದಿ.

ಒಂದು ನಿಮಿಷದ ವಿಡಿಯೋ, ಒಬ್ಬರದೇ ಸ್ಪಷ್ಟ ಮಾತು, ನಾಲ್ಕೈದು ಪದ ತಪ್ಪು, ಒಂದೇ ತಾಣ. ಅಲ್ಲಿಗೆ ಫೈಲ್ ಬೇಕಿಲ್ಲ. ಅಲ್ಲೇ ತಿದ್ದಿ.

ಕ್ಯಾಪ್ಷನ್ ಅನ್ನು ಚಿತ್ರದ ಮೇಲೇ ಅಚ್ಚೊತ್ತುವುದಾದರೆ ಮಾತ್ರ ನಿಯಮ ಬೇರೆ. ಒಮ್ಮೆ ವಿಡಿಯೋ ಹೊರತೆಗೆದ ಮೇಲೆ ಅದರಲ್ಲಿ ಒಂದು ಅಕ್ಷರವನ್ನೂ ತಿದ್ದಲಾಗದು. ಮೂರೂ ಸುತ್ತು ಓದು ಅದಕ್ಕೂ ಮೊದಲೇ ಮುಗಿದಿರಬೇಕು.

ಯೂಟ್ಯೂಬ್ ಸ್ಟುಡಿಯೋದಲ್ಲಿ ಏರಿಸುವಾಗ `Upload file` ಒತ್ತಿದರೆ `With timing` ಮತ್ತು `Without timing` ಅಂತ ಎರಡು ಆಯ್ಕೆ ಬರುತ್ತದೆ. ನನ್ನ ಹಾಗೆ ಸಮಯ ಸಮೇತ ತಿದ್ದಿದ ಫೈಲಿಗೆ ಮೊದಲನೆಯದು. ಬರೀ ಮಾತನ್ನು ಟೈಪ್ ಮಾಡಿದ್ದರೆ ಎರಡನೆಯದು, ಆಗ ಸಮಯವನ್ನು ಅದೇ ಹೊಂದಿಸುತ್ತದೆ. ಆದರೆ ಅದು ಎಲ್ಲಿ ಸಾಲು ಮುರಿದಿದೆ ಅಂತ ಮತ್ತೆ ನೋಡಲೇಬೇಕು.

ಏರಿಸಿದ ಮೇಲೆ ಹಳೆಯ ಸ್ವಯಂ ಕ್ಯಾಪ್ಷನ್ ಇನ್ನೂ ಪಟ್ಟಿಯಲ್ಲಿ ಇದೆಯಾ ನೋಡಿ. ಇದ್ದರೆ ಅದನ್ನು ಪ್ರಕಟಣೆಯಿಂದ ತೆಗೆಯಿರಿ. ಇಲ್ಲದಿದ್ದರೆ ನೋಡುವವರು ಅದನ್ನೇ ಆರಿಸಿಕೊಂಡು, ನೀವು ತಿದ್ದಿದ "ಬಾರದು" ಬಿಟ್ಟು ಮತ್ತೆ "ಬಹುದು" ಓದುತ್ತಾರೆ. ತಿದ್ದಿದ `.srt` ಪ್ರತಿಯನ್ನು ವಿಡಿಯೋದ ಜೊತೆ ಅದೇ ಹೆಸರಿನಲ್ಲಿ, `bevinenne.kn.srt` ಅಂತ ಇಟ್ಟುಕೊಂಡಿದ್ದೇನೆ. `kn` ಕನ್ನಡದ ಗುರುತು.

ಕೊನೆಗೆ ಫೋನ್‌ನಲ್ಲಿ, ಶಬ್ದ ನಿಲ್ಲಿಸಿ, 6:12ಕ್ಕೆ ಹೋಗಿ ನೋಡಿದೆ. 87ನೇ ತುಂಡು ಸರಿಯಾಗಿತ್ತು. ಲಿಂಕನ್ನು ಮತ್ತೆ ಅಕ್ಕನಿಗೆ ಕಳಿಸಿದೆ. "ಈಗ ಸರಿಯಿದೆ, ಸಂಜೆನೇ ಹೊಡೀತೀನಿ" ಅಂದಳು. ಆಮೇಲೆ ವಿಡಿಯೋವನ್ನು ಎಲ್ಲರಿಗೂ ತೆರೆದೆ.